ಬೆಳಗಾದರೆ ಹಿಂದಿನ ದಿನಾಂಕ: ಹಳೆಯ ಡೆಸ್ಕ್‌ಟಾಪ್‌ನ ಗಡಿಯಾರ ತಪ್ಪುವುದೇಕೆ?

ಬೇಸಿಗೆ ರಜೆಯುದ್ದಕ್ಕೂ ಬೀಗ ಬಿದ್ದಿದ್ದ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಮತ್ತೆ ತೆರೆದ ದಿನ ಒಂದೆರಡು ಹಳೆಯ ಯಂತ್ರಗಳು ಹಟ ಹಿಡಿಯುವುದುಂಟು. ಗುಂಡಿ ಒತ್ತಿದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಏನೋ ಎಚ್ಚರಿಕೆ ಬಂದು, F1 ಒತ್ತಬೇಕೆಂದು ಕೇಳಿ, ಯಂತ್ರ ಅಲ್ಲೇ ನಿಂತುಬಿಡುತ್ತದೆ. ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಆದರೆ ಪರದೆಯ ಮೂಲೆಯ ಗಡಿಯಾರ ಹತ್ತು ಹನ್ನೆರಡು ವರ್ಷ ಹಿಂದಿನ ಯಾವುದೋ ಜನವರಿ 1ನ್ನು ತೋರಿಸುತ್ತಿರುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮುಚ್ಚಿದ್ದ ಅಂಗಡಿಯಲ್ಲೂ, ವರ್ಷಕ್ಕೊಮ್ಮೆ ಮಾತ್ರ ಕೆಲಸಕ್ಕೆ ಬರುವ ಸಂಘದ ಕಚೇರಿಯಲ್ಲೂ ಇದೇ ಕಥೆ.

ವೈರಸ್ ಹೊಕ್ಕಿದೆ ಎಂದು ಕೆಲವರು, ಹಾರ್ಡ್ ಡಿಸ್ಕ್ ಹೋಯಿತು ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ಪ್ರತಿ ಬೆಳಿಗ್ಗೆ F1 ಒತ್ತಿ, ದಿನಾಂಕ ತಿದ್ದಿಕೊಂಡು ವರ್ಷಗಟ್ಟಲೆ ಹಾಗೇ ನಡೆಸುತ್ತಾರೆ. ಗಡಿಯಾರ ತಪ್ಪುವುದು ಮತ್ತು ಈ ಎಚ್ಚರಿಕೆ ಎರಡೂ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಮದರ್‌ಬೋರ್ಡ್ ಮೇಲೆ ಕೂತಿರುವ ಒಂದು ಚಪ್ಪಟೆ ಸೆಲ್ಲನ್ನು. ಅದನ್ನು ಸಿಮಾಸ್ ಬ್ಯಾಟರಿ ಎನ್ನುತ್ತಾರೆ. ಅದು ಸತ್ತಿದೆಯೇ ಎಂದು ಡಬ್ಬ ಬಿಚ್ಚದೆಯೇ ತಿಳಿಯಬಹುದು. ಅದಕ್ಕೆ ಈ ಸೆಲ್ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಕಂಪ್ಯೂಟರ್‌ನೊಳಗಿನ ಗಡಿಯಾರ

ಕಂಪ್ಯೂಟರ್ ಓಡುತ್ತಿರುವಾಗ ಪರದೆಯ ಮೂಲೆಯಲ್ಲಿ ಕಾಣುವ ಸಮಯವನ್ನು ಲೆಕ್ಕ ಹಾಕುವುದು ವಿಂಡೋಸ್. ಆದರೆ ಯಂತ್ರ ಆರಿದ ಮೇಲೆ ವಿಂಡೋಸ್ ಇರುವುದಿಲ್ಲ. ಆ ಹೊತ್ತಿನಲ್ಲಿ ಸಮಯ ಎಣಿಸಲು ಮದರ್‌ಬೋರ್ಡ್‌ನಲ್ಲಿ ಬೇರೆಯೇ ಒಂದು ಗಡಿಯಾರವಿದೆ. ಅದರ ಪಕ್ಕದಲ್ಲಿರುವ ಚಿಕ್ಕ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಆ ಒಂದು ಎಂದರೆ ಒಂದು ಸೆಕೆಂಡ್. ಅಗ್ಗದ ಕೈಗಡಿಯಾರದಲ್ಲಿ ಇರುವುದೂ ಇದೇ ಬಗೆಯ ಸ್ಫಟಿಕ. ಬೆಳಿಗ್ಗೆ ಯಂತ್ರ ಹಚ್ಚಿದಾಗ ವಿಂಡೋಸ್ ಮೊದಲು ಈ ಗಡಿಯಾರವನ್ನು ಓದುತ್ತದೆ, ಅದು ಹೇಳಿದ್ದನ್ನು ನಂಬಿ ಅಲ್ಲಿಂದ ಮುಂದಕ್ಕೆ ತಾನೇ ಎಣಿಸಿಕೊಂಡು ಹೋಗುತ್ತದೆ.

ಗಡಿಯಾರದ ಜೊತೆಯಲ್ಲೇ ಪುಟ್ಟದೊಂದು ನೆನಪಿನ ಜಾಗವೂ ಇದೆ. ಯಾವ ಡಿಸ್ಕ್‌ನಿಂದ ಆರಂಭಿಸಬೇಕು, ಡಿಸ್ಕಿನೊಡನೆ ಯಾವ ರೀತಿಯಲ್ಲಿ ಮಾತನಾಡಬೇಕು, ಕೀಬೋರ್ಡ್ ಇಲ್ಲದಿದ್ದರೆ ಏನು ಮಾಡಬೇಕು ಎಂಬಂಥ ಆಯ್ಕೆಗಳು ಅಲ್ಲಿರುತ್ತವೆ. ವಿಂಡೋಸ್‌ಗಿಂತ ಮೊದಲು ಓಡುವ ಬಯೋಸ್ ಎಂಬ ಆರಂಭಿಕ ಪ್ರೋಗ್ರಾಂ ಈ ಆಯ್ಕೆಗಳನ್ನು ಓದಿಕೊಂಡು ಕೆಲಸ ಶುರುಮಾಡುತ್ತದೆ. ಸಿಮಾಸ್ ಎಂದರೆ ಬಹಳ ಕಡಿಮೆ ವಿದ್ಯುತ್ ಕುಡಿಯುವ ಚಿಪ್‌ಗಳನ್ನು ಮಾಡುವ ಒಂದು ವಿಧಾನ. ಆ ವಿಧಾನದಲ್ಲಿ ಮಾಡಿದ ಈ ನೆನಪಿನ ಜಾಗಕ್ಕೂ ಅದೇ ಹೆಸರು ಅಂಟಿಕೊಂಡಿತು.

1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ ಗಡಿಯಾರ ಮತ್ತು ನೆನಪು ಎರಡೂ ಸೇರಿ ಒಂದೇ ಚಿಪ್‌ನಲ್ಲಿದ್ದವು, ಒಟ್ಟು ಜಾಗ 64 ಬೈಟ್. ಅದಕ್ಕೂ ಹಿಂದಿನ ಐಬಿಎಂ ಪಿಸಿಯಲ್ಲಿ ಇಂಥ ಗಡಿಯಾರವೇ ಇರಲಿಲ್ಲ. ಡಾಸ್ ಶುರುವಾಗುತ್ತಿದ್ದಂತೆ ಇವತ್ತು ಎಷ್ಟನೇ ತಾರೀಖು, ಈಗ ಗಂಟೆ ಎಷ್ಟು ಎಂದು ಕೇಳುತ್ತಿತ್ತು, ಬಳಕೆದಾರರು ಟೈಪ್ ಮಾಡಿ ಹೇಳಬೇಕಾಗಿತ್ತು. ಸೆಲ್ ಸತ್ತ ಕಂಪ್ಯೂಟರ್ ಬಹುಮಟ್ಟಿಗೆ ಆ ಕಾಲಕ್ಕೇ ಮರಳಿರುತ್ತದೆ.

ಸೆಲ್ ಕೆಲಸ ಮಾಡುವುದು ಯಾವಾಗ?

ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಕಂಪ್ಯೂಟರ್ ಶಟ್‌ಡೌನ್ ಆದ ಕೂಡಲೇ ಸೆಲ್ ಕೆಲಸಕ್ಕೆ ಇಳಿಯುತ್ತದೆ ಎಂದು ನಾವು ಎಣಿಸುತ್ತೇವೆ. ಹಾಗಲ್ಲ. ಗೋಡೆಯ ಸ್ವಿಚ್ ಚಾಲೂ ಇರುವವರೆಗೆ ಡಬ್ಬದೊಳಗಿನ ಎಸ್‌ಎಂಪಿಎಸ್, ಅಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಬೇಕಾದಂತೆ ಇಳಿಸಿ ಕೊಡುವ ಪೆಟ್ಟಿಗೆ, ಶಟ್‌ಡೌನ್ ಆದ ಮೇಲೂ 5 ವೋಲ್ಟಿನ ಒಂದು ಸಣ್ಣ ಪೂರೈಕೆಯನ್ನು ಮದರ್‌ಬೋರ್ಡ್‌ಗೆ ಕೊಡುತ್ತಲೇ ಇರುತ್ತದೆ. ಕಂಪ್ಯೂಟರ್ ಆರಿದ ಮೇಲೂ ಕೆಲವು ಯಂತ್ರಗಳಲ್ಲಿ ಮೌಸ್‌ನ ಕೆಂಪು ಬೆಳಕು ಉಳಿಯುವುದು ಇದರಿಂದಲೇ. ಈ ಪೂರೈಕೆ ಇರುವಷ್ಟು ಹೊತ್ತು ಗಡಿಯಾರ ಅದರಿಂದಲೇ ನಡೆಯುತ್ತದೆ, ಸೆಲ್ ಮೇಲೆ ಹೊರೆ ಇಲ್ಲವೆನ್ನುವಷ್ಟು ಕಡಿಮೆ. ಗೋಡೆಯ ಸ್ವಿಚ್ ಆರಿಸಿದಾಗ ಇಲ್ಲವೇ ಕರೆಂಟ್ ಹೋದಾಗ ಮಾತ್ರ ಸೆಲ್ ಭಾರ ಹೊರುತ್ತದೆ.

ನಮ್ಮೂರಿನ ಮನೆಗಳಲ್ಲಿ ನಲ್ಲಿ ನೀರು ಬರುತ್ತಿರುವಷ್ಟು ಹೊತ್ತು ಡ್ರಮ್ಮಿನ ನೀರನ್ನು ಯಾರೂ ಮುಟ್ಟುವುದಿಲ್ಲ. ನಲ್ಲಿ ನಿಂತ ಮೇಲೆಯೇ ಡ್ರಮ್ಮಿಗೆ ಚೊಂಬು ಇಳಿಯುತ್ತದೆ. ಸೆಲ್ ಆ ಡ್ರಮ್. ವ್ಯತ್ಯಾಸ ಒಂದೇ, ಈ ಡ್ರಮ್ಮನ್ನು ಮತ್ತೆ ತುಂಬುವವರಿಲ್ಲ. ಇದು ಚಾರ್ಜ್ ಆಗುವ ಸೆಲ್ ಅಲ್ಲ. ಕಂಪ್ಯೂಟರನ್ನು ಎಷ್ಟು ಹೊತ್ತು ಓಡಿಸಿದರೂ ಖರ್ಚಾದದ್ದು ಹಿಂದಿರುಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032 ಎಂಬ 3 ವೋಲ್ಟಿನ ಲಿಥಿಯಂ ಸೆಲ್. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ. ಗಡಿಯಾರಕ್ಕೆ ಬೇಕಾಗುವುದು ಕೆಲವೇ ಮೈಕ್ರೋಆಂಪಿಯರ್, ಅಂದರೆ ಮಿಲಿಆಂಪಿಯರ್‌ನ ಸಾವಿರದ ಕೆಲವೇ ಪಾಲು. ಐದು ಎಂದಿಟ್ಟುಕೊಂಡರೆ ಸೆಲ್ 44,000 ಗಂಟೆ ಬರುತ್ತದೆ. ಗೋಡೆಯ ಸ್ವಿಚ್ ಸದಾ ಆರಿಯೇ ಇದ್ದರೆ ಅದು ಐದು ವರ್ಷ. ರಾತ್ರಿ ಮಾತ್ರ ಹದಿನಾಲ್ಕು ಗಂಟೆ ಆರಿಸುವ ಅಂಗಡಿಯಾದರೆ ಕಾಗದದ ಲೆಕ್ಕದಲ್ಲಿ ಎಂಟೂವರೆ ವರ್ಷ. ಸೆಲ್ ತಾನಾಗಿಯೇ ಸ್ವಲ್ಪ ಸ್ವಲ್ಪ ಸೋರುವುದು, ಬಿಸಿಲುನಾಡಿನ ಏಪ್ರಿಲ್ ತಿಂಗಳ ಕಾವು ಇವನ್ನೆಲ್ಲ ಸೇರಿಸಿದರೆ ಇದು ಇನ್ನಷ್ಟು ಕಡಿಮೆಯಾಗುತ್ತದೆ. ಹತ್ತು ವರ್ಷ ದಾಟಿದ ಯಂತ್ರದಲ್ಲಿ ಮೊದಲ ದಿನದ ಸೆಲ್ಲೇ ಇದ್ದರೆ ಅದು ಸತ್ತದ್ದರಲ್ಲಿ ಅಚ್ಚರಿಯಿಲ್ಲ.

ಗುಡುಗು ಮಿಂಚಿನ ಭಯಕ್ಕೋ ಬಿಲ್ಲಿನ ಲೆಕ್ಕಕ್ಕೋ ನಾವು ರಾತ್ರಿ ಸ್ವಿಚ್ ಆರಿಸಿಯೇ ಮಲಗುವವರು. ಅದರಲ್ಲಿ ತಪ್ಪೇನಿಲ್ಲ. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಗುವುದಕ್ಕಿಂತ ಕೆಲವು ವರ್ಷಕ್ಕೊಮ್ಮೆ ಒಂದು ಸೆಲ್ ಬದಲಿಸುವುದು ಎಷ್ಟೋ ಅಗ್ಗ.

ಪರದೆಯ ಮೇಲೆ ಬರುವ ಎಚ್ಚರಿಕೆ

ಆಯ್ಕೆಗಳನ್ನು ಬರೆದಿಡುವಾಗ ಬಯೋಸ್ ಅವೆಲ್ಲವನ್ನೂ ಸಂಖ್ಯೆಗಳಾಗಿ ಕೂಡಿ, ಬಂದ ಮೊತ್ತವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮರುದಿನ ಹಚ್ಚಿದಾಗ ಮತ್ತೊಮ್ಮೆ ಕೂಡಿ, ಎರಡು ಮೊತ್ತಗಳನ್ನು ಹೋಲಿಸುತ್ತದೆ. ರಾತ್ರಿ ಸೆಲ್ ಕೈಕೊಟ್ಟಿದ್ದರೆ ನೆನಪಿನಲ್ಲಿದ್ದದ್ದು ಅಳಿಸಿಹೋಗಿರುತ್ತದೆ ಇಲ್ಲವೇ ಕಲಸಿಹೋಗಿರುತ್ತದೆ, ಮೊತ್ತ ತಾಳೆಯಾಗುವುದಿಲ್ಲ. ಆಗ ಯಂತ್ರದ ತಯಾರಕರನ್ನು ಅನುಸರಿಸಿ ಇಂಥ ಯಾವುದಾದರೂ ಸಾಲು ಕಾಣುತ್ತದೆ:

```
CMOS checksum error - Defaults loaded
CMOS Date/Time Not Set
Time-of-day not set - please run SETUP program
163-Time & Date Not Set
Press F1 to Run SETUP
```

ಮೊದಲ ಸಾಲು ಹೇಳುವುದು ಇಷ್ಟು: ಮೊತ್ತ ತಾಳೆಯಾಗಲಿಲ್ಲ, ಹಾಗಾಗಿ ನೀವು ಮಾಡಿಕೊಂಡಿದ್ದ ಆಯ್ಕೆಗಳನ್ನು ಬಿಟ್ಟು ಕಾರ್ಖಾನೆಯ ಮೂಲ ಆಯ್ಕೆಗಳನ್ನು ಹಾಕಿಕೊಂಡಿದ್ದೇನೆ. ಉಳಿದವು ದಿನಾಂಕ ಕಳೆದುಹೋಗಿದೆ, ಹೊಂದಿಸಿ ಎನ್ನುತ್ತವೆ. ಆಗ ಕಾಣುವ ಹಳೆಯ ವರ್ಷವೂ ಸುಮ್ಮನೆ ಬಂದದ್ದಲ್ಲ. ದಿನಾಂಕ ಗೊತ್ತಿಲ್ಲದಾಗ ಎಲ್ಲಿಂದ ಎಣಿಸಲು ಶುರುಮಾಡಬೇಕು ಎಂದು ತಯಾರಕರು ಬಯೋಸ್‌ನಲ್ಲಿ ಒಂದು ದಿನ ಬರೆದಿಟ್ಟಿರುತ್ತಾರೆ, ಅದು ಸಾಮಾನ್ಯವಾಗಿ ಆ ಬಯೋಸ್ ತಯಾರಾದ ಕಾಲದ ಆಸುಪಾಸಿನದು.

F1 ಒತ್ತುವುದರಿಂದ ಏನೂ ದುರಸ್ತಿಯಾಗುವುದಿಲ್ಲ. ಕೆಲವು ಯಂತ್ರಗಳಲ್ಲಿ ಅದು ಎಚ್ಚರಿಕೆಯನ್ನು ಬದಿಗಿಟ್ಟು ಮುಂದುವರಿಯುತ್ತದೆ, ಕೆಲವದರಲ್ಲಿ ಬಯೋಸ್‌ನ ಆಯ್ಕೆಗಳ ಪುಟವನ್ನು ತೆರೆಯುತ್ತದೆ. ಆ ಪುಟದಲ್ಲಿ ದಿನಾಂಕ ತಿದ್ದಿ, ಹೆಚ್ಚಾಗಿ F10 ಒತ್ತಿ ಉಳಿಸಿದರೂ ಅದು ಬಾಳುವುದು ಗೋಡೆಯ ಸ್ವಿಚ್ ಮುಂದಿನ ಬಾರಿ ಆರುವವರೆಗೆ ಮಾತ್ರ.

ಈಚಿನ ಮದರ್‌ಬೋರ್ಡ್‌ಗಳಲ್ಲಿ ಆಯ್ಕೆಗಳನ್ನು ಬೇರೆ ಚಿಪ್‌ನಲ್ಲಿ, ವಿದ್ಯುತ್ ಇಲ್ಲದೆಯೂ ಅಳಿಯದ ಹಾಗೆ ಬರೆದಿಡುವುದುಂಟು. ಅಂಥವುಗಳಲ್ಲಿ ಸೆಲ್ ಸತ್ತರೆ ಗಡಿಯಾರ ಮಾತ್ರ ತಪ್ಪುತ್ತದೆ, ಉಳಿದದ್ದು ನೆಟ್ಟಗಿರುತ್ತದೆ. ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ.

ಮಂಡಿಪೇಟೆಯ ಒಂದು ಅಂಗಡಿಯಲ್ಲಿ

ಸೆಲ್ ಒಂದೇ ದಿನದಲ್ಲಿ ಸಾಯುವುದಿಲ್ಲ. ಅದರ ಕೊನೆಯ ದಿನಗಳು ಹೇಗಿರುತ್ತವೆ ಎಂದು ತಿಳಿಯಲು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಸಗಟು ದಿನಸಿ ಅಂಗಡಿಯನ್ನು ಊಹಿಸಿಕೊಳ್ಳೋಣ. ಯಂತ್ರ 2012ರ ಕಾಲದ್ದು, ವಿಂಡೋಸ್ ಮಾತ್ರ ಹೊಸದಾಗಿ ಹಾಕಿಸಿದ್ದು. ಅಂಗಡಿ ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ಸಂಜೆ ಏಳೂವರೆಗೆ ಮುಚ್ಚುತ್ತದೆ, ಹೊರಡುವಾಗ ಮೇನ್ ಸ್ವಿಚ್ಚನ್ನೇ ಇಳಿಸುತ್ತಾರೆ. ಭಾನುವಾರ ರಜೆ.

ಮೊದಲ ಹಂತದಲ್ಲಿ ಸೆಲ್‌ನ ವೋಲ್ಟೇಜ್ ಸ್ವಲ್ಪ ಕುಸಿದಿರುತ್ತದೆ. ಸ್ಫಟಿಕವನ್ನು ಕಂಪಿಸುವಂತೆ ಮಾಡಲು ಅದಕ್ಕೆ ತ್ರಾಣವಿಲ್ಲ, ಆದರೆ ನೆನಪಿನ ಜಾಗದಲ್ಲಿ ಬರೆದದ್ದನ್ನು ಹಿಡಿದಿಡುವಷ್ಟು ಉಳಿದಿದೆ. ಆಗ ಗಡಿಯಾರ ಹಳೆಯ ವರ್ಷಕ್ಕೆ ಹೋಗುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಮಂಗಳವಾರ ಸಂಜೆ ಏಳೂವರೆಗೆ ನಿಂತದ್ದು ಬುಧವಾರ ಬೆಳಿಗ್ಗೆ ಮೇನ್ ಏರಿಸಿದ ಕ್ಷಣದಿಂದ ಮತ್ತೆ ಏಳೂವರೆಯಿಂದಲೇ ನಡೆಯಲು ಶುರುಮಾಡುತ್ತದೆ. ಎಚ್ಚರಿಕೆಯ ಸಾಲೂ ಬರುವುದಿಲ್ಲ, ಮೊತ್ತ ಇನ್ನೂ ತಾಳೆಯಾಗುತ್ತಿದೆಯಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಇದೇ ಹಂತ. ಬಿಲ್ಲಿನ ಮೇಲೆ 2012 ಎಂದು ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ನಿನ್ನೆಯ ತಾರೀಖು ಬಂದರೆ ಬೀಳುವುದಿಲ್ಲ. ಸೋಮವಾರ ಬೆಳಿಗ್ಗೆಯ ಮೊದಲ ಗಿರಾಕಿಗೆ ಶನಿವಾರದ ತಾರೀಖಿನ ಬಿಲ್ ಹೋಗಿರುತ್ತದೆ. ಲೆಕ್ಕ ಬರೆಯುವ ಹುಡುಗಿ ವಾರದ ಕೊನೆಯಲ್ಲಿ ತಾಳೆ ನೋಡುವಾಗ ಕೇಳುತ್ತಾಳೆ:

"ಸಾಹುಕಾರರೇ, ಶನಿವಾರ ನಾವು ಏಳೂವರೆಗೇ ಬಾಗಿಲು ಹಾಕಿದೆವಲ್ಲ. ಏಳು ಗಂಟೆ ನಲವತ್ತು ನಿಮಿಷಕ್ಕೆ ಮೂರು ಬಿಲ್ ಹೇಗೆ ಬಂದವು?"

"ಯಾರಮ್ಮ ಹೊಡೆದದ್ದು? ಬೀಗದ ಕೈ ನನ್ನ ಹತ್ತಿರವೇ ಇತ್ತು."

ಯಾರೂ ಕದ್ದು ಒಳಗೆ ಬಂದಿಲ್ಲ, ಅವು ಸೋಮವಾರದ ಬಿಲ್ಲುಗಳು. ಇದು ತಿಂಗಳ ಮೊದಲ ದಿನ ನಡೆದರೆ ಈ ತಿಂಗಳ ಮಾರಾಟ ಹಿಂದಿನ ತಿಂಗಳ ಜಿಎಸ್‌ಟಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ, ತಿದ್ದುವ ಕೆಲಸ ಆಮೇಲೆ.

ಅಂಗಡಿಗೆ ಇಂಟರ್‌ನೆಟ್ ಇದೆಯಲ್ಲ, ವಿಂಡೋಸ್ ತಾನೇ ಸಮಯ ಸರಿಪಡಿಸಿಕೊಳ್ಳಬೇಕಿತ್ತಲ್ಲವೇ? ಇಲ್ಲಿ ಒಂದು ವಿಚಿತ್ರವಿದೆ. ಮನೆ ಮತ್ತು ಸಣ್ಣ ಅಂಗಡಿಗಳಲ್ಲಿ ಒಂಟಿಯಾಗಿರುವ ಯಂತ್ರಗಳ ವಿಂಡೋಸ್‌ಗೆ ಮೂಲತಃ ಒಂದು ಮಿತಿ ಇಟ್ಟಿದ್ದಾರೆ. ಇಂಟರ್‌ನೆಟ್ ಹೇಳುವ ಸಮಯಕ್ಕೂ ತನ್ನ ಸಮಯಕ್ಕೂ 15 ಗಂಟೆಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದು ತಿದ್ದಿಕೊಳ್ಳಲು ಒಪ್ಪುವುದಿಲ್ಲ. ತಪ್ಪು ಸಮಯ ಹೇಳುವ ಸರ್ವರ್ ಒಂದರ ಮಾತು ಕೇಳಿ ಎಲ್ಲವನ್ನೂ ಬುಡಮೇಲು ಮಾಡಿಕೊಳ್ಳಬಾರದು ಎಂಬ ಮುನ್ನೆಚ್ಚರಿಕೆ ಅದು. ನಮ್ಮ ಅಂಗಡಿ ವಾರದ ದಿನಗಳಲ್ಲಿ ಮುಚ್ಚಿರುವುದು ಹದಿನಾಲ್ಕು ಗಂಟೆ, ಮಿತಿಯೊಳಗೇ ಇದೆ. ಸಮಯ ಹೊಂದಿಸುವ ಸೇವೆ ಓಡಿದರೆ ಗಡಿಯಾರ ಸದ್ದಿಲ್ಲದೆ ಸರಿಹೋಗುತ್ತದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಮೂವತ್ತೆಂಟು ಗಂಟೆ. ಆಗ ಅದೇ ಸೇವೆ ಬೆನ್ನು ತಿರುಗಿಸುತ್ತದೆ. ಸೋಮವಾರ ಮಾತ್ರ ಕಂಪ್ಯೂಟರ್ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿ.

ಕೆಲವು ವಾರಗಳ ನಂತರ ಎರಡನೆಯ ಹಂತ. ಈಗ ನೆನಪನ್ನು ಹಿಡಿಯಲೂ ಸೆಲ್‌ಗೆ ಶಕ್ತಿಯಿಲ್ಲ. ಬೆಳಿಗ್ಗೆ ಎಚ್ಚರಿಕೆಯ ಸಾಲು ಬರುತ್ತದೆ, ದಿನಾಂಕ 2012ಕ್ಕೆ ಹೋಗುತ್ತದೆ. ಬ್ರೌಸರ್ ತೆರೆದರೆ ಜಿಎಸ್‌ಟಿ ತಾಣವೂ ಇಲ್ಲ, ಬ್ಯಾಂಕಿನ ತಾಣವೂ ಇಲ್ಲ. ಕ್ರೋಮ್‌ನಲ್ಲಿ Your clock is behind ಎಂದೋ NET::ERR_CERT_DATE_INVALID ಎಂದೋ ಬರುತ್ತದೆ. ಸುರಕ್ಷಿತ ತಾಣಗಳು ತಾವು ಅಸಲಿ ಎಂದು ತೋರಿಸಲು ಒಂದು ಪ್ರಮಾಣಪತ್ರ ಕೊಡುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂದು ಬರೆದಿರುತ್ತದೆ. 2012ರಲ್ಲಿ ಕೂತಿರುವ ಕಂಪ್ಯೂಟರ್‌ಗೆ ಅದು ಇನ್ನೂ ಹುಟ್ಟದೇ ಇರುವ ಪತ್ರ, ಹಾಗಾಗಿ ತಿರಸ್ಕರಿಸುತ್ತದೆ. ಮೊಬೈಲ್‌ನಲ್ಲಿ ಅದೇ ತಾಣ ಸರಾಗವಾಗಿ ತೆರೆಯುತ್ತಿದ್ದರೆ ನೆಟ್ ಸಂಪರ್ಕದವರಿಗೆ ಫೋನ್ ಮಾಡುವ ಮೊದಲು ಕಂಪ್ಯೂಟರ್‌ನ ದಿನಾಂಕ ನೋಡುವುದು ಒಳ್ಳೆಯದು.

ತಾತ್ಕಾಲಿಕವಾಗಿ ಕೆಲಸ ನಡೆಯಬೇಕೆಂದರೆ ದಿನಾಂಕ ಮತ್ತು ಸಮಯವನ್ನು ಮೊದಲು ಕೈಯಿಂದಲೇ ತಿದ್ದಬೇಕು. ಅದು ನಿಜವಾದ ಸಮಯದ ಹತ್ತಿರಕ್ಕೆ ಬಂದ ಮೇಲೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಸಾಲು ಕೊಟ್ಟರೆ ಸೆಕೆಂಡಿನವರೆಗೂ ಹೊಂದಿಕೊಳ್ಳುತ್ತದೆ:

```
w32tm /resync
```

ಕೈಯಿಂದ ತಿದ್ದದೆ ನೇರವಾಗಿ ಇದನ್ನೇ ಕೊಟ್ಟರೆ, ವ್ಯತ್ಯಾಸ ತೀರಾ ಹೆಚ್ಚಿದೆ ಎಂಬ ಅರ್ಥದ ಉತ್ತರ ಬರುತ್ತದೆ: The computer did not resync because the required time change was too big. ಸಮಯ ಹೊಂದಿಸುವ ಸೇವೆ ಆರಂಭವೇ ಆಗಿಲ್ಲ ಎಂದು ಬಂದರೆ `net start w32time` ಎಂದು ಮೊದಲು ಕೊಡಬೇಕು.

ಇನ್ನೊಂದು ಅನಾಹುತ ಈ ಹಂತದಲ್ಲೇ ಕಾದಿರುತ್ತದೆ. ಮೂಲ ಆಯ್ಕೆಗಳು ಬಂದು ಕೂತಾಗ ಡಿಸ್ಕಿನೊಡನೆ ಮಾತನಾಡುವ ರೀತಿಯೂ ಬದಲಾಗಬಹುದು. ಬಯೋಸ್‌ನಲ್ಲಿ SATA Mode ಎಂಬ ಆಯ್ಕೆ ಇರುತ್ತದೆ, ಅದರಲ್ಲಿ AHCI ಅಥವಾ IDE ಎಂದು ಆರಿಸಬಹುದು. ವಿಂಡೋಸ್ ಹಾಕುವಾಗ AHCI ಇದ್ದು, ಈ ಬೋರ್ಡಿನ ಮೂಲ ಆಯ್ಕೆ IDE ಆಗಿದ್ದರೆ, ವಿಂಡೋಸ್ ಶುರುವಾಗುತ್ತಿದ್ದಂತೆ ನೀಲಿ ಪರದೆ ಬಂದು ನಿಲ್ಲುತ್ತದೆ. ವಿಂಡೋಸ್ 7ರಲ್ಲಿ 0x0000007B ಎಂದೂ, ವಿಂಡೋಸ್ 10ರಲ್ಲಿ INACCESSIBLE_BOOT_DEVICE ಎಂದೂ ಕಾಣುತ್ತದೆ. ನೋಡಿದವರು ಹಾರ್ಡ್ ಡಿಸ್ಕ್ ಸತ್ತಿದೆ, ಇಲ್ಲವೇ ವಿಂಡೋಸ್ ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಎಷ್ಟೋ ವರ್ಷದ ಲೆಕ್ಕ ಇರುವ ಡಿಸ್ಕನ್ನು ಅಳಿಸಲು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಈ ನೀಲಿ ಪರದೆ ಬಂದ ದಿನವೇ ಗಡಿಯಾರವೂ ಹಿಂದಕ್ಕೆ ಹೋಗಿತ್ತೇ? ಹೌದು ಎಂದಾದರೆ ಬಯೋಸ್‌ಗೆ ಹೋಗಿ SATA Mode ಅನ್ನು ಮತ್ತೆ AHCI ಮಾಡಿ ಉಳಿಸಿ ನೋಡಬೇಕು. ಕಾರಣ ಅದೇ ಆಗಿದ್ದರೆ ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಡಿಸ್ಕ್ ಸಿಗಲಿಲ್ಲ ಎಂಬ Reboot and Select proper Boot device ಸಾಲು ಬಂದರೂ ಮೊದಲು ನೋಡಬೇಕಾದದ್ದು ಬಯೋಸ್‌ನಲ್ಲಿ ಆರಂಭದ ಡಿಸ್ಕ್‌ಗಳ ಕ್ರಮವನ್ನೇ.

ಬಿಚ್ಚದೆಯೇ ಪರೀಕ್ಷಿಸುವುದು

ಸಂಜೆ ಗಡಿಯಾರವನ್ನು ಸರಿಯಾಗಿ ಹೊಂದಿಸಿ, ವಿಂಡೋಸ್‌ನಿಂದ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನು ಮಾತ್ರ ಆರಿಸದೆ ಬಿಡಬೇಕು. ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟಿರಬೇಕು, ಇಲ್ಲವಾದರೆ ವಿಂಡೋಸ್ ತಾನೇ ತಿದ್ದಿಕೊಂಡು ನಮ್ಮನ್ನು ಮರುಳುಮಾಡುತ್ತದೆ. ನಡುವೆ ಕರೆಂಟ್ ಹೋಗಿಲ್ಲ ಎಂಬುದೂ ಖಚಿತವಾಗಿರಬೇಕು. ಬೆಳಿಗ್ಗೆ ಸಮಯ ಸರಿಯಾಗಿದ್ದರೆ ಗಡಿಯಾರದಲ್ಲಿ ದೋಷವಿಲ್ಲ. ಈಗ ಮತ್ತೆ ಶಟ್‌ಡೌನ್ ಮಾಡಿ, ಈ ಬಾರಿ ಸ್ವಿಚ್ಚನ್ನೂ ಆರಿಸಿ, ಒಂದೆರಡು ಗಂಟೆ ಬಿಟ್ಟು ಹಚ್ಚಬೇಕು. ಸಮಯ ಅಷ್ಟೇ ಹೊತ್ತು ಹಿಂದಿದ್ದರೂ, ಹಳೆಯ ವರ್ಷಕ್ಕೆ ಹೋಗಿದ್ದರೂ ಅಪರಾಧಿ ಸೆಲ್ಲೇ.

ಬೇರೆ ಬಗೆಯ ತಪ್ಪುಗಳಿಗೆ ಸೆಲ್ಲನ್ನು ದೂರಬಾರದು. ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದೆ ಅಥವಾ ಮುಂದೆ ಇದ್ದರೆ ಅದು ಸಮಯ ವಲಯದ ತೊಂದರೆ. ಭಾರತದ ಸಮಯ ಗ್ರೀನಿಚ್‌ಗಿಂತ ಅಷ್ಟೇ ಮುಂದಿದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇದು ಚಿರಪರಿಚಿತ. ವಿಂಡೋಸ್ ಒಳಗಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಗ್ರೀನಿಚ್ ಸಮಯ ಇಡುತ್ತದೆ, ಇಬ್ಬರೂ ಒಬ್ಬರದನ್ನೊಬ್ಬರು ಕೆಡಿಸುತ್ತಾರೆ. ಯಂತ್ರ ಓಡುತ್ತಿರುವಾಗಲೇ ಗಡಿಯಾರ ಹಿಂದೆ ಬೀಳುತ್ತಿದ್ದರೂ ಕಾರಣ ಸೆಲ್ ಅಲ್ಲ, ಆ ಹೊತ್ತಿನಲ್ಲಿ ಅದು ಕೆಲಸದಲ್ಲೇ ಇರುವುದಿಲ್ಲ.

ಸೆಲ್ ಬದಲಿಸುವುದು

ಬೇಕಾದದ್ದು ಸಿಆರ್2032. ಈ ಸಂಖ್ಯೆಯಲ್ಲೇ ಅಳತೆ ಅಡಗಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಕೂಡ ಅಷ್ಟೇ ಅಗಲ, 3 ವೋಲ್ಟ್, ಆದರೆ ದಪ್ಪ 2.5 ಮಿಲಿಮೀಟರ್. ಹಿಡಿಕೆಯಲ್ಲಿ ಸಡಿಲವಾಗಿ ಕೂತು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಎಲ್‌ಐಆರ್2032 ಎಂಬುದು ಚಾರ್ಜ್ ಆಗುವ ಜಾತಿ, ಅದರ ವೋಲ್ಟೇಜ್ ಹೆಚ್ಚು, ಇಲ್ಲಿಗೆ ಸಲ್ಲದು. ಕೈಗಡಿಯಾರದ ಅಂಗಡಿಗಳಲ್ಲಿ ಸಿಆರ್2032 ಸಿಗುತ್ತದೆ. ಮನೆಯಲ್ಲಿ ಸಕ್ಕರೆ ಪರೀಕ್ಷಿಸುವ ಹಲವು ಯಂತ್ರಗಳಿಗೂ ಇದೇ ಸೆಲ್ ಆದ್ದರಿಂದ ಔಷಧಿ ಅಂಗಡಿಯಲ್ಲೂ ಕೇಳಬಹುದು. ಬಿಡಿಯಾಗಿ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುವ ಸೆಲ್‌ಗಳನ್ನು ತೆಗೆದುಕೊಳ್ಳಬೇಡಿ, ಒಂದಕ್ಕೊಂದು ತಾಗಿ ಮೊದಲೇ ಖಾಲಿಯಾಗಿರಬಹುದು. ಮುಚ್ಚಿದ ಪ್ಯಾಕ್‌ನಲ್ಲಿ ಇರುವುದೇ ಲೇಸು.

ಬಿಚ್ಚುವ ಮೊದಲು ಬಯೋಸ್‌ಗೆ ಹೋಗಿ ಡಿಸ್ಕ್ ರೀತಿಯ ಪುಟ ಮತ್ತು ಆರಂಭದ ಕ್ರಮದ ಪುಟ ಎರಡರ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಸೆಲ್ ಈಗಾಗಲೇ ಸತ್ತಿದ್ದರೂ, ಯಂತ್ರ ಸರಿಯಾಗಿ ಓಡುತ್ತಿರುವ ಸ್ಥಿತಿಯ ದಾಖಲೆ ಅದು. ಬಳಿಕ ಶಟ್‌ಡೌನ್ ಮಾಡಿ, ಸ್ವಿಚ್ ಆರಿಸಿ, ವಿದ್ಯುತ್ ಕೇಬಲ್ಲನ್ನು ಡಬ್ಬದ ಹಿಂಬದಿಯಿಂದ ಕಿತ್ತುಬಿಡಿ. ಕಿತ್ತ ಮೇಲೆ ಕಂಪ್ಯೂಟರ್‌ನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಹರಿದುಹೋಗುತ್ತದೆ. ಎಡಬದಿಯ ತಗಡನ್ನು ಹಿಂದಿನಿಂದ ಎರಡು ಸ್ಕ್ರೂ ಹಿಡಿದಿರುತ್ತವೆ. ತಗಡು ತೆಗೆದು, ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಮೇಲೆ ಕೂತ ಸ್ಥಾಯಿ ವಿದ್ಯುತ್ ಚಿಪ್‌ಗಳಿಗೆ ಹಾರದಂತೆ ಇದು ತಡೆಯುತ್ತದೆ.

ಸೆಲ್ ಹೊಳೆಯುತ್ತಿರುತ್ತದೆ, ಹುಡುಕುವುದು ಕಷ್ಟವಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರಡಿಯಲ್ಲಿ ಅವಿತಿರಬಹುದು. ಹಿಡಿಕೆಯ ಒಂದು ಬದಿಯಲ್ಲಿ ಚಿಕ್ಕ ಲೋಹದ ಕೊಕ್ಕೆ ಇದೆ. ಉಗುರಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಅದನ್ನು ಹೊರಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಸ್ಕ್ರೂಡ್ರೈವರ್ ತುದಿಯನ್ನು ಅಡಿಗೆ ತೂರಿಸಿ ಮೀಟಬಾರದು. ಜಾರಿದರೆ ಬೋರ್ಡಿನ ಗೆರೆಗಳು ಹರಿಯುತ್ತವೆ, ಹಿಡಿಕೆ ಮುರಿದರಂತೂ ಬೆಸುಗೆಯ ಕೆಲಸ. ಹೊಸದನ್ನು + ಗುರುತು ಮತ್ತು ಅಕ್ಷರಗಳಿರುವ ಮುಖ ಮೇಲೆ ಬರುವಂತೆ, ಕೊಕ್ಕೆಯ ಎದುರು ಬದಿಯ ಅಂಚಿನಡಿ ಓರೆಯಾಗಿ ಸೇರಿಸಿ, ಈಚೆ ಬದಿಯನ್ನು ಒತ್ತಿದರೆ ಟಕ್ ಎಂದು ಕೂರುತ್ತದೆ.

ಮಲ್ಟಿಮೀಟರ್ ಇದ್ದರೆ ತೆಗೆದ ಸೆಲ್ಲನ್ನು ಡಿಸಿ 20 ವೋಲ್ಟ್ ಗುರುತಿನಲ್ಲಿ ಅಳೆಯಬಹುದು. ಹೊಸ ಸೆಲ್ 3ಕ್ಕಿಂತ ತುಸು ಮೇಲೆ ತೋರಿಸುತ್ತದೆ. 2.5ರ ಆಸುಪಾಸಿಗೆ ಇಳಿದಿದ್ದರೆ ಅದರ ಆಯಸ್ಸು ಮುಗಿದಿದೆ. 2.9 ಎಂದು ಬಂದರೆ ಮಾತ್ರ ನಿರ್ಧಾರ ಕಷ್ಟ. ಲಿಥಿಯಂ ಸೆಲ್‌ನ ವೋಲ್ಟೇಜ್ ಜೀವನದ ಬಹುಭಾಗ ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ತಟ್ಟನೆ ಕುಸಿಯುವುದರಿಂದ, ಇವತ್ತು ಚೆನ್ನಾಗಿ ಕಂಡದ್ದು ಮುಂದಿನ ತಿಂಗಳು ಇರದಿರಬಹುದು. ಹೇಗೂ ಬಿಚ್ಚಿದ್ದೀರಿ, ಬದಲಿಸಿಯೇ ಮುಚ್ಚಿ.

ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬಾರದು. ಮಗುವೊಂದು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಲ್ಲದು. ಕಂಪ್ಯೂಟರ್‌ಗೆ ಸತ್ತ ಸೆಲ್‌ನಲ್ಲೂ ಅದಕ್ಕೆ ಸಾಕಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಳೆಯ ಸೆಲ್‌ನ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಎತ್ತರದಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಮೇನ್ ಹಚ್ಚಿದ ಮೇಲೆ ಮೊದಲ ಬಾರಿ ಎಚ್ಚರಿಕೆಯ ಸಾಲು ಇನ್ನೊಮ್ಮೆ ಬರುತ್ತದೆ, ಗಾಬರಿ ಬೇಡ. ಹೊಸ ಸೆಲ್‌ಗೆ ಹಳೆಯ ಆಯ್ಕೆಗಳು ಗೊತ್ತಿಲ್ಲ. ಬಯೋಸ್‌ಗೆ ಹೋಗಿ ದಿನಾಂಕ, ಸಮಯ ಹಾಕಿ, ಫೋಟೋ ನೋಡಿಕೊಂಡು SATA Mode ಮತ್ತು ಆರಂಭದ ಕ್ರಮ ಹೊಂದಿಸಿ ಉಳಿಸಬೇಕು. ದಿನಾಂಕ ತಪ್ಪಿದ್ದ ದಿನಗಳಲ್ಲಿ ಉಳಿಸಿದ ಫೈಲ್‌ಗಳ ಮೇಲೂ ಒಮ್ಮೆ ಕಣ್ಣಾಡಿಸಿ. ಹೊಸ ಫೈಲ್‌ಗಳನ್ನು ಮಾತ್ರ ನಕಲು ಮಾಡುವ ಬ್ಯಾಕಪ್ ಪ್ರೋಗ್ರಾಂ, 2012ರ ಮುದ್ರೆಯಿರುವ ಫೈಲನ್ನು ಹಳೆಯದೆಂದು ತಿಳಿದು ಬಿಟ್ಟಿರಬಹುದು.

ಹೊಸ ಸೆಲ್ ಹಾಕಿದರೂ ಸರಿಹೋಗದಿದ್ದರೆ

ಮರುದಿನವೇ ಅದೇ ಎಚ್ಚರಿಕೆ ಬಂದರೆ ಸೆಲ್ ತಿರುವುಮುರುವಾಗಿದೆಯೇ, ಅಡಿಯ ಲೋಹದ ನಾಲಿಗೆ ಬಗ್ಗಿ ತಾಗದೆ ಉಳಿದಿದೆಯೇ ಎಂದು ನೋಡಬೇಕು. ನಾಲಿಗೆಯ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಒಣ ಬಟ್ಟೆಯಿಂದ ಒರೆಸಿ. ಸೆಲ್ ಹತ್ತಿರ CLR_CMOS ಎಂದೋ CLRTC ಎಂದೋ ಬರೆದ ಮೂರು ಕಡ್ಡಿಗಳೂ ಅವುಗಳ ಮೇಲೊಂದು ಪ್ಲಾಸ್ಟಿಕ್ ಟೋಪಿಯೂ ಹಲವು ಬೋರ್ಡ್‌ಗಳಲ್ಲಿವೆ. ಆಯ್ಕೆಗಳನ್ನು ಬೇಕೆಂದೇ ಅಳಿಸಲು ಇರುವ ವ್ಯವಸ್ಥೆ ಅದು. ಹಿಂದೆ ರಿಪೇರಿ ಮಾಡಿದವರು ಟೋಪಿಯನ್ನು ಅಳಿಸುವ ಜಾಗದಲ್ಲೇ ಬಿಟ್ಟಿದ್ದರೆ ಎಷ್ಟು ಹೊಸ ಸೆಲ್ ಹಾಕಿದರೂ ನಿಲ್ಲುವುದಿಲ್ಲ.

ಮೊದಲ ಕೆಲವು ವಾರ ಸರಿಯಿದ್ದು ಆಮೇಲೆ ಮತ್ತೆ ತಪ್ಪಿದರೆ ಎರಡು ಸಾಧ್ಯತೆ: ಕೊಂಡ ಸೆಲ್ಲೇ ಹಳೆಯ ದಾಸ್ತಾನು, ಇಲ್ಲವೇ ಬೋರ್ಡಿನಲ್ಲಿ ಎಲ್ಲೋ ವಿದ್ಯುತ್ ಸೋರುತ್ತಿದೆ. ಮೊದಲನೆಯದನ್ನು ತಳ್ಳಿಹಾಕಲು ಬೇರೆ ಅಂಗಡಿಯಿಂದ ಮುಚ್ಚಿದ ಪ್ಯಾಕಿನ ಸೆಲ್ ತಂದು, ಹಾಕುವ ಮೊದಲು ಅಳೆದು, ತಿಂಗಳ ನಂತರ ತೆಗೆದು ಮತ್ತೆ ಅಳೆಯಬೇಕು. ಅಷ್ಟರಲ್ಲೇ 3ರಿಂದ 2.6ಕ್ಕೆ ಬಂದಿದ್ದರೆ ಸೋರಿಕೆಯೇ. ಅದನ್ನು ಹುಡುಕಿ ಸರಿಪಡಿಸುವ ಖರ್ಚು ಹಳೆಯ ಬೋರ್ಡಿನ ಬೆಲೆಯನ್ನೇ ಮೀರಬಹುದು. ಅಂಥ ಯಂತ್ರವನ್ನು ಇನ್ನಷ್ಟು ಕಾಲ ನಡೆಸಲೇಬೇಕೆಂದರೆ ರಾತ್ರಿ ಮೇನ್ ಇಳಿಸದೆ, ಬೇರೆಲ್ಲ ಸ್ವಿಚ್ ಆರಿಸಿ, ಕಂಪ್ಯೂಟರ್‌ನ ಪ್ಲಗ್ ಒಂದನ್ನು ಮಾತ್ರ ಸದಾ ಚಾಲೂ ಇಡಬಹುದು. ಗುಡುಗು ಕೇಳಿದ ದಿನ ಅದನ್ನೂ ಕಿತ್ತು, ಮರುದಿನ ದಿನಾಂಕ ತಿದ್ದಿಕೊಂಡರಾಯಿತು.